‘ಅಣ್ಣ’ ಎಂದರಷ್ಟೇ ಸಾಕೆ?

ನಮ್ಮ ನೆರೆಮನೆಯಲ್ಲಿ ಕಾನ್ಪುರದಿಂದ ಬಂದ ಯುವತಿಯೊಬ್ಬರು ವಾಸವಾಗಿದ್ದಾರೆ. ಬೆಂಗಳೂರಿಗೆ ಬಂದು ಎರಡು ವರ್ಷವಾಯಿತು. ಕನ್ನಡ ಕಲಿಯಬೇಕೆಂಬ ಅವರ ಹಂಬಲ ತೋರಿಕೆಯದಲ್ಲ. ಪುಟ್ಟ ಪುಸ್ತಕವೊಂದರಲ್ಲಿ ದಿನಕ್ಕೆ ಐದಾರು ಪದ ಬರೆದುಕೊಳ್ಳುತ್ತಾರೆ. ಈಚೆಗೆ ಒಂದು ಸಂಜೆ ಅವರು ಸಪ್ಪೆ ಮುಖ ಮಾಡಿಕೊಂಡು ಬಂದು ಒಂದು ಪ್ರಶ್ನೆ ಕೇಳಿದರು. ಆಟೋದಲ್ಲಿ ಬರುತ್ತಿದ್ದಾಗ ಮನೆಯ ತಿರುವು ಸಮೀಪಿಸಿತಂತೆ. ಕಲಿತದ್ದನ್ನು ಪ್ರಯೋಗಿಸುವ ಉತ್ಸಾಹದಲ್ಲಿ ಇವರು, ‘ಅಣ್ಣ, ಇಲ್ಲಿ ನಿಲ್ಲಿಸು’ ಎಂದರಂತೆ. ಐವತ್ತರ ಆಸುಪಾಸಿನ ಚಾಲಕರು ಆಟೋ ನಿಲ್ಲಿಸಿದರು, ಹಣ ಪಡೆದರು; ಆದರೆ ಅದುವರೆಗೆ ನಗುನಗುತ್ತಾ ಮಾತನಾಡುತ್ತಿದ್ದವರು ಮತ್ತೆ ಮುಖವೆತ್ತಿ ನೋಡಲಿಲ್ಲ. ‘ನಾನು ಭೈಯಾ ಅನ್ನಲಿಲ್ಲ, ಅಣ್ಣ ಎಂದೇ ಕರೆದೆ. ಕನ್ನಡದಲ್ಲೇ ಮಾತನಾಡಿದೆ. ತಪ್ಪು ಎಲ್ಲಾಯಿತು?’ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ಅವರೊಬ್ಬರದಲ್ಲ. ಅಪರಿಚಿತರನ್ನು ಹೇಗೆ ಕರೆಯಬೇಕು ಎಂಬುದು ಬೆಂಗಳೂರಿನಂಥ ನಗರದಲ್ಲಿ ಆಗಾಗ ಬಿಸಿ ಚರ್ಚೆಗೆ ವಸ್ತುವಾಗುತ್ತದೆ. 2024ರಲ್ಲಿ ಇಲ್ಲಿನ ಕ್ಯಾಬ್ ಒಂದರೊಳಗೆ ಚಾಲಕರು ಅಂಟಿಸಿದ್ದ ಸೂಚನೆಗಳ ಪಟ್ಟಿ ದೇಶದಾದ್ಯಂತ ಸುದ್ದಿಯಾಯಿತು. ‘ನನ್ನನ್ನು ಭೈಯಾ ಎಂದು ಕರೆಯಬೇಡಿ’ ಎಂಬುದು ಅದರಲ್ಲಿ ಒಂದು. ಅಂದಿನ ವಾದವಿವಾದವೆಲ್ಲ ಒಂದೇ ಪದದ ಸುತ್ತ ಸುತ್ತಿತು: ಭೈಯಾ ಬೇಡವಾದರೆ ಅಣ್ಣ ಎನ್ನಿ, ದೀದಿ ಬೇಡವಾದರೆ ಅಕ್ಕ ಎನ್ನಿ ಎಂದು ಹಲವರು ಪರಿಹಾರ ಸೂಚಿಸಿದರು. ಒಂದು ಭಾಷೆಯ ಚೀಟಿ ಕಿತ್ತು ಅದೇ ಜಾಗದಲ್ಲಿ ಇನ್ನೊಂದು ಭಾಷೆಯ ಚೀಟಿ ಅಂಟಿಸಿದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಇದರ ಹಿಂದಿದೆ. ಕಾನ್ಪುರದ ಯುವತಿ ಮಾಡಿದ್ದೂ ಅದನ್ನೇ. ಕರೆಯುವ ಪದವನ್ನು ಅವರು ಸರಿಯಾಗಿಯೇ ಆರಿಸಿಕೊಂಡಿದ್ದರು. ಎಡವಿದ್ದು ಆ ಪದದ ಬೆನ್ನಿಗೆ ಬಂದ ಕ್ರಿಯಾಪದದಲ್ಲಿ.

ಹಿಂದಿಯಲ್ಲಾಗಿದ್ದರೆ ಅವರು ಹೇಳುತ್ತಿದ್ದ ಮಾತು ‘ಭೈಯಾ, ಯಹಾಂ ರೋಕ್ ದೇನಾ’. ಹಿಂದಿಯ ಮಧ್ಯಮ ಪುರುಷದಲ್ಲಿ ಮೂರು ಮೆಟ್ಟಿಲುಗಳಿವೆ. ತೀರಾ ಸಲಿಗೆಗೆ ಅಥವಾ ತಿರಸ್ಕಾರಕ್ಕೆ ‘ತೂ’, ಸಾಧಾರಣ ಬಳಕೆಗೆ ‘ತುಮ್’, ಗೌರವಕ್ಕೆ ‘ಆಪ್’. ಭೈಯಾ ಎಂಬ ಸಂಬೋಧನೆ ಬೀದಿಯ ವ್ಯವಹಾರದಲ್ಲಿ ಹೆಚ್ಚಾಗಿ ನಡುವಿನ ಮೆಟ್ಟಿಲಿನ ಜೊತೆಗೆ ಬರುತ್ತದೆ. ಅಲ್ಲಿ ‘ರೋಕ್ ದೇನಾ’ ಎಂಬ ರೂಪಕ್ಕೆ ಇನ್ನೊಂದು ಅನುಕೂಲವಿದೆ. ಅದು ಕ್ರಿಯಾಪದದ ಮೂಲರೂಪವೇ ಹೌದಾದರೂ ಆಜ್ಞೆಯಾಗಿ ಬಳಸಿದಾಗ ಮೃದುವಾಗಿ ಕೇಳುತ್ತದೆ. ಈ ಕ್ಷಣವೇ ಮಾಡು ಎಂಬ ಒತ್ತಾಯ ಅದರಲ್ಲಿಲ್ಲ. ಹೀಗಾಗಿ ಹಿಂದಿ ಮಾತೃಭಾಷೆಯವರಿಗೆ ಕ್ರಿಯಾಪದದ ಮೂಲರೂಪವನ್ನು ಬಳಸಿದರೆ ಯಾರಿಗೂ ನೋವಾಗದು ಎಂಬ ಅಭ್ಯಾಸ ಅರಿವಿಲ್ಲದೆಯೇ ಬೆಳೆದಿರುತ್ತದೆ.

ಕನ್ನಡದಲ್ಲಿ ಸ್ಥಿತಿ ಇದಕ್ಕೆ ತದ್ವಿರುದ್ಧ. ನಮ್ಮಲ್ಲಿ ಧಾತುವೇ ಏಕವಚನದ ಆಜ್ಞಾರೂಪ. ನಿಘಂಟಿನಲ್ಲಿ, ಕನ್ನಡ ಕಲಿಸುವ ಕೈಪಿಡಿಗಳಲ್ಲಿ ‘ಬಾ’, ‘ಹೋಗು’, ‘ಕೊಡು’, ‘ನಿಲ್ಲಿಸು’ ಎಂದು ಅಚ್ಚಾಗಿರುತ್ತದೆ. ಕಲಿಯುವವರು ಅವುಗಳನ್ನು ಬರಿಯ ಪದಗಳೆಂದು ಬಾಯಿಪಾಠ ಮಾಡುತ್ತಾರೆ. ಆದರೆ ಬಾಯಿಂದ ಹೊರಬಿದ್ದೊಡನೆ ಅವು ಪದಗಳಾಗಿ ಉಳಿಯುವುದಿಲ್ಲ, ಅಪ್ಪಣೆಗಳಾಗುತ್ತವೆ. ಮಗುವಿಗೆ, ಜೊತೆಗಾರನಿಗೆ, ಒಡೆಯ ಆಳಿಗೆ ಹೇಳುವ ರೂಪವದು. ಎದುರಿಗಿರುವ ಅಪರಿಚಿತನಿಗೆ ಅದರಲ್ಲಿ ಕಾಣುವುದು ಮೂರನೆಯ ಅರ್ಥವೇ. ನಿಲ್ಲಿಸು ಎಂಬುದರ ಕೊನೆಯ ಉಕಾರ ಹೋಗಿ ಇಕಾರ ಬಂದು ‘ನಿಲ್ಲಿಸಿ’ ಎಂದಾಗಿದ್ದರೆ ಆ ಚಾಲಕರ ನಗು ಮಾಸುತ್ತಿರಲಿಲ್ಲ. ‘ಅಣ್ಣ’ ಎಂಬ ಪದವನ್ನು ಬಿಟ್ಟೇಬಿಟ್ಟಿದ್ದರೂ ನಡೆಯುತ್ತಿತ್ತು.

ಹಾಗೆಂದು ಕನ್ನಡಿಗರೆಲ್ಲರೂ ಆಟೋ ಚಾಲಕರಿಗೆ ಬಹುವಚನವನ್ನೇ ಬಳಸುತ್ತಾರೆಯೇ? ಇಲ್ಲ. ‘ಇಲ್ಲೇ ನಿಲ್ಲಿಸಣ್ಣ’, ‘ಸ್ವಲ್ಪ ಜರುಗಣ್ಣ’, ‘ಎಷ್ಟಾಯ್ತು ಹೇಳಣ್ಣ’ ಎಂಬ ಮಾತುಗಳು ನಮ್ಮ ಬೀದಿಗಳಲ್ಲಿ ದಿನಬೆಳಗಾದರೆ ಕೇಳಿಬರುತ್ತವೆ. ಇವೂ ಏಕವಚನಗಳೇ. ಆದರೂ ಯಾರೂ ಮುನಿಸಿಕೊಳ್ಳುವುದಿಲ್ಲ. ಇಲ್ಲಿರುವ ಸೂಕ್ಷ್ಮ ನಮ್ಮಲ್ಲಿ ಅನೇಕರ ಗಮನಕ್ಕೂ ಬಂದಿರಲಾರದು. ‘ಅಣ್ಣ, ನಿಲ್ಲಿಸು’ ಎಂಬಲ್ಲಿ ಕರೆಯುವ ಮಾತು ಒಂದು, ಅಪ್ಪಣೆ ಇನ್ನೊಂದು. ನಡುವೆ ಒಂದು ಕ್ಷಣದ ಬಿಡುವಿದೆ. ವಾಕ್ಯ ಮುಗಿಯುವುದು ಅಪ್ಪಣೆಯ ಮೇಲೆ. ‘ನಿಲ್ಲಿಸಣ್ಣ’ ಎಂಬಲ್ಲಿ ಎರಡೂ ಸಂಧಿಯಾಗಿ ಒಂದೇ ಪದವಾಗಿವೆ. ಅಪ್ಪಣೆಯ ಮೊನೆಯನ್ನು ಅಣ್ಣನೇ ಮುಚ್ಚಿಬಿಟ್ಟಿದ್ದಾನೆ.

ಕನ್ನಡಕ್ಕೆ ನೀನು, ನೀವು ಎಂಬ ಎರಡೇ ಮೆಟ್ಟಿಲುಗಳು. ಹಿಂದಿಯಂತೆ ನಡುವಿನದೊಂದು ಇಲ್ಲ ಎಂದು ವ್ಯಾಕರಣ ಹೇಳುತ್ತದೆ. ಬಳಕೆಯಲ್ಲಿ ಆ ನಡುವಿನ ಮೆಟ್ಟಿಲನ್ನು ನಾವು ಕಟ್ಟಿಕೊಂಡಿರುವುದು ಹೀಗೆಯೇ, ಕ್ರಿಯಾಪದದ ಬಾಲಕ್ಕೆ ಬಂಧುವಾಚಕವನ್ನು ಅಂಟಿಸುವ ಮೂಲಕ. ‘ಬಾ’ ಒಂದು ತುದಿ, ‘ಬನ್ನಿ’ ಇನ್ನೊಂದು ತುದಿ. ಇವುಗಳ ನಡುವೆ ‘ಬಾರಪ್ಪ’, ‘ಬಾರಮ್ಮ’, ‘ಬಾರಣ್ಣ’, ‘ಬಾರಕ್ಕ’ ಎಂಬ ಮೆಟ್ಟಿಲುಗಳಿವೆ. ಇವುಗಳಲ್ಲೂ ವ್ಯತ್ಯಾಸವುಂಟು. ಅಪ್ಪ, ಅಮ್ಮ ಹಿರಿಯರ ಹೆಸರುಗಳಾದರೂ ಕ್ರಿಯಾಪದಕ್ಕೆ ಅಂಟಿದಾಗ ಕಿರಿಯರತ್ತ ಹರಿಯುತ್ತವೆ. ‘ಬಾರಪ್ಪ’ ಎಂದು ಅಜ್ಜ ಮೊಮ್ಮಗನನ್ನು ಕರೆಯುತ್ತಾನೆಯೇ ಹೊರತು ಮೊಮ್ಮಗ ಅಜ್ಜನನ್ನಲ್ಲ. ಅಣ್ಣ, ಅಕ್ಕ ಹಾಗಲ್ಲ. ಅವು ಅಂಟಿದ ಮೇಲೂ ಎದುರಿನವರನ್ನು ಒಂದು ಗೇಣು ಮೇಲಕ್ಕೇ ಇಡುತ್ತವೆ. ಆದ್ದರಿಂದ ಕಾನ್ಪುರದ ‘ರೋಕ್ ದೇನಾ’ ಎಂಬುದಕ್ಕೆ ನಿಜವಾಗಿ ಹತ್ತಿರವಾದ ಕನ್ನಡ ‘ನಿಲ್ಲಿಸಣ್ಣ’. ಹೊಸಬರಿಗೆ ಈ ಸಲಿಗೆಯ ರೂಪ ನಾಲಿಗೆಗೆ ಒಗ್ಗಲು ಕಾಲ ಬೇಕು. ರಾಗ ತಪ್ಪಿದರೆ ಅಣಕಿಸಿದಂತೆಯೂ ಕೇಳಬಹುದು. ಅವರಿಗೆ ಸುರಕ್ಷಿತವಾದದ್ದು ‘ಸ್ವಲ್ಪ ಇಲ್ಲೇ ನಿಲ್ಲಿಸಿ’ ಎಂಬುದೇ. ಇಂಗ್ಲಿಷಿನ ಪ್ಲೀಸ್ ಮಾಡುವ ಕೆಲಸವನ್ನು ಕನ್ನಡದ ಬೀದಿಯಲ್ಲಿ ಮಾಡುವುದು ‘ದಯವಿಟ್ಟು’ ಎಂಬ ಪುಸ್ತಕದ ಮಾತಲ್ಲ, ‘ಸ್ವಲ್ಪ’ ಎಂಬ ಪುಟ್ಟ ಪದ.

ಇಷ್ಟೆಲ್ಲ ಹೇಳಿದ್ದು ಬೆಂಗಳೂರು, ಮೈಸೂರು ಸೀಮೆಯ ಬಳಕೆ. ಕನ್ನಡ ನಾಡಿನೊಳಗೇ ಊರು ದಾಟಿದರೆ ತಕ್ಕಡಿ ಬದಲಾಗುತ್ತದೆ. ಧಾರವಾಡದಲ್ಲಿ ‘ಬರ್ರಿ’, ‘ಹೌದ್ರಿ’, ‘ಹೇಳ್ರಿ’ ಎಂಬಲ್ಲಿನ ‘ರಿ’ ಶುದ್ಧ ಗೌರವದ್ದು. ಅದಿಲ್ಲದೆ ಆಡಿದ ಮಾತು ಬರಡು. ಅದೇ ಧ್ವನಿ ಬೆಂಗಳೂರಿನಲ್ಲಿ ‘ಏನ್ರೀ ನೀವು’ ಎಂದು ಹೊರಟರೆ ಜಗಳಕ್ಕೆ ಪೀಠಿಕೆ ಹಾಕಿದಂತೆ. ಹುಬ್ಬಳ್ಳಿಯಿಂದ ಬಂದವರು ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಆದರದಿಂದಲೇ ಆಡಿದ ಮಾತು ಇಲ್ಲಿಯವರಿಗೆ ಗಡುಸಾಗಿ ಕೇಳುವುದೂ, ಇಲ್ಲಿಯ ‘ಹೇಳಣ್ಣ’ ಅವರಿಗೆ ಅತಿ ಸಲಿಗೆಯೆನಿಸುವುದೂ ಉಂಟು. ಕರಾವಳಿಯ ‘ಮಾರಾಯ’ ಏಕವಚನಕ್ಕೆ, ‘ಮಾರಾಯ್ರೆ’ ಬಹುವಚನಕ್ಕೆ. ಅಲ್ಲಿ ಸಂಬೋಧನೆಯ ಪದವೇ ಕ್ರಿಯಾಪದದ ವಚನವನ್ನು ಮುಂಚಿತವಾಗಿ ಸಾರಿಬಿಡುತ್ತದೆ. ಒಂದೇ ಭಾಷೆಯೊಳಗೆ ಇಷ್ಟು ಹೊಂದಾಣಿಕೆ ಬೇಕಾಗಿರುವಾಗ ಭಾಷೆಯಿಂದ ಭಾಷೆಗೆ ಪದಕ್ಕೆ ಪದ ಹೊಂದಿಸಿದರೆ ಸಾಕೆಂಬುದು ಹೇಗೆ ನಿಂತೀತು?

ಎರಡು ಭಾಷೆಗಳಲ್ಲಿ ಪದ ಒಂದೇ ಆಗಿದ್ದಾಗ ತೊಡಕು ಇನ್ನೂ ಹೆಚ್ಚು. ಅಣ್ಣ, ಅಕ್ಕ ಎಂಬುವು ಕನ್ನಡ, ತಮಿಳು, ತೆಲುಗು, ತುಳು ನಾಲ್ಕರಲ್ಲೂ ಇವೆ. ಆದರೆ ಕೇರಳದ ಮಾತೇ ಬೇರೆ. ಅಲ್ಲಿ ಅಪರಿಚಿತ ಗಂಡಸು ‘ಚೇಟ್ಟ’, ಹೆಂಗಸು ‘ಚೇಚಿ’. ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿ ಆದರದಿಂದ ಬಳಸುವ ‘ಅಣ್ಣಾಚಿ’ ಎಂಬ ಪದ ಕೇರಳದ ಗಡಿ ದಾಟಿದರೆ ತಮಿಳರನ್ನು ಹೀಗಳೆಯುವ ಮಾತಾಗಿ ಬಳಕೆಯಾಗುವುದುಂಟು. ಭೈಯಾ ಎಂಬ ಪದಕ್ಕೆ ಆಗಿರುವುದೂ ಇಂಥದೇ ಗತಿ. ಉತ್ತರ ಪ್ರದೇಶದ ಮನೆಯಲ್ಲಿ ಅದು ಹಿರಿಯಣ್ಣನಿಗೆ ಸಲ್ಲುವ ಪ್ರೀತಿಯ ಹೆಸರು. ಮುಂಬೈಯಲ್ಲಿ ಅದೇ ಪದ ಉತ್ತರ ಪ್ರದೇಶ, ಬಿಹಾರಗಳಿಂದ ದುಡಿಯಲು ಬಂದವರೆಲ್ಲರಿಗೂ ಅಂಟಿಸಿದ ಹಣೆಪಟ್ಟಿಯಾಯಿತು. ಬೆಂಗಳೂರಿನ ಚಾಲಕರಿಗೆ ಭೈಯಾ ಒಗ್ಗದಿರುವುದಕ್ಕೆ ಇದಕ್ಕಿಂತ ಸರಳವಾದ ಕಾರಣವೂ ಉಂಟು. ಹುಟ್ಟೂರಿನಲ್ಲೇ ಇರುವ ತನ್ನನ್ನು ಇನ್ನೊಂದು ಊರಿನವನೆಂದು ಮೊದಲ ಮಾತಿನಲ್ಲೇ ತೀರ್ಮಾನಿಸಿದಂತೆ ಅವರಿಗೆ ಅನ್ನಿಸುತ್ತದೆ. ಅದನ್ನು ಆಡಿದವರ ಮನಸ್ಸಿನಲ್ಲಿ ಅಗೌರವವಿಲ್ಲ, ಕೇಳಿದವರ ಬೇಸರದಲ್ಲಿ ಸುಳ್ಳಿಲ್ಲ. ಇಬ್ಬರೂ ತಮ್ಮ ತಮ್ಮ ಊರಿನ ತಕ್ಕಡಿಯಲ್ಲಿ ತೂಗಿದ್ದಾರೆ, ಅಷ್ಟೆ.

‘ಬ್ರೋ’ ಎಂಬ ಹೊಸ ಸಂಬೋಧನೆ ನಗರದ ತರುಣರಲ್ಲಿ ಇಷ್ಟು ಬೇಗ ಹಬ್ಬಿದ್ದೇಕೆ ಎಂಬುದಕ್ಕೂ ಉತ್ತರ ಇಲ್ಲೇ ಸಿಗಬಹುದು. ಕನ್ನಡದಲ್ಲಿ ಬರಿಯ ಸೋದರನನ್ನು ಕರೆಯಲು ದಿನಬಳಕೆಯ ಪದವಿಲ್ಲ. ಅಣ್ಣ ಎನ್ನಬೇಕು, ಇಲ್ಲವೇ ತಮ್ಮ ಎನ್ನಬೇಕು. ಹಾಗಾಗಿ ಬಾಯಿ ತೆರೆಯುವ ಮುನ್ನ ಎದುರಿನವನ ವಯಸ್ಸನ್ನು ಅಳೆಯಲೇಬೇಕು. ಊಟದ ಪೊಟ್ಟಣ ತಂದ ಹುಡುಗನಿಗೂ ಬಾಗಿಲು ತೆರೆದ ಹುಡುಗನಿಗೂ ಇಪ್ಪತ್ತೈದರ ಆಸುಪಾಸು ಎಂದುಕೊಳ್ಳಿ. ಅಣ್ಣ ಎಂದರೆ ವಯಸ್ಸು ಏರಿಸಿದಂತೆ, ತಮ್ಮ ಎಂದರೆ ಕೆಳಗಿಳಿಸಿದಂತೆ, ಸಾರ್ ಎಂದರೆ ದೂರವಿಟ್ಟಂತೆ. ಬ್ರೋ ಎಂದರೆ ಈ ಲೆಕ್ಕಾಚಾರವೇ ಬೇಡ. ಹಳೆಯ ಬೆಂಗಳೂರು ಈ ಕೊರತೆಯನ್ನು ‘ಗುರು’ ಎಂಬ ಪದದಿಂದ ತುಂಬಿಕೊಂಡಿತ್ತು. ‘ಟೈಮ್ ಎಷ್ಟು ಗುರು?’ ಎಂದು ಕೇಳಿದವನು ಪಾಠ ಹೇಳಿಸಿಕೊಳ್ಳಲು ಬಂದವನಲ್ಲ. ಭಾಷೆಯಲ್ಲಿ ಅತ್ಯುನ್ನತ ಗೌರವದ ಪದಗಳಲ್ಲೊಂದು ಬೀದಿಗಿಳಿದು, ‘ಎಲ್ಲಿದ್ದೀಯ ಗುರು’ ಎಂದು ಏಕವಚನದ ಜೊತೆ ಓಡಾಡತೊಡಗಿತು. ‘ಗುರುಗಳೇ’ ಎಂದೊಡನೆ ಮತ್ತೆ ‘ಎಲ್ಲಿದ್ದೀರಿ’ ಎಂಬ ಬಹುವಚನ ಬೇಕಾಗುತ್ತದೆ. ಗೌರವ ಇರುವುದು ಪದದ ಅರ್ಥದಲ್ಲಲ್ಲ, ಅದರೊಡನೆ ನಡೆಯುವ ಕ್ರಿಯಾಪದದಲ್ಲಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಗಂಡಸರಿಗೆ ಗುರು, ಬಾಸ್, ಬ್ರೋ ಎಂಬ ವಯಸ್ಸಿಲ್ಲದ ಪದಗಳು ದೊರೆತವು. ಹೆಂಗಸರಿಗೆ ಅಂಥದೊಂದು ದೊರೆಯಲಿಲ್ಲ. ತಂಗಿ, ಅಕ್ಕ, ಆಂಟಿ, ಅಮ್ಮ, ಅಜ್ಜಿ ಎಂಬ ಏಣಿಯಲ್ಲಿ ಪ್ರತಿಯೊಂದು ಮೆಟ್ಟಿಲೂ ವಯಸ್ಸನ್ನು ಘೋಷಿಸುತ್ತದೆ. ಮೊನ್ನೆಯವರೆಗೆ ಅಕ್ಕ ಎನ್ನುತ್ತಿದ್ದ ತರಕಾರಿ ಅಂಗಡಿಯವರು ಒಂದು ಬೆಳಿಗ್ಗೆ ಆಂಟಿ ಎಂದರೆ ಮನಸ್ಸು ಮುದುಡುವುದು ಸಹಜ. ‘ಮೇಡಂ’ ಎಂಬ ಪರಭಾಷೆಯ ಪದ ಕನ್ನಡದಲ್ಲಿ ಇಷ್ಟು ಗಟ್ಟಿಯಾಗಿ ನೆಲೆಯೂರಿದ್ದು ಈ ಕಾರಣಕ್ಕೆ ಎನಿಸುತ್ತದೆ. ಅದು ವಯಸ್ಸನ್ನಾಗಲಿ ಮದುವೆಯನ್ನಾಗಲಿ ಕೇಳುವುದಿಲ್ಲ. ಜೊತೆಗೆ ಬಹುವಚನವನ್ನು ತಪ್ಪದೆ ಕರೆತರುತ್ತದೆ. ‘ಮೇಡಂ, ಬಾ’ ಎಂದು ಯಾರೂ ಆಡುವುದಿಲ್ಲ. ಬಸ್ಸಿನ ನಿರ್ವಾಹಕಿಗೆ ‘ಮೇಡಂ, ಒಂದು ಟಿಕೆಟ್ ಕೊಡಿ’ ಎನ್ನುವಾಗ ಪ್ರಯಾಣಿಕ ಆಕೆಯ ವಯಸ್ಸನ್ನು ನೋಡುತ್ತಿಲ್ಲ, ಕೆಲಸವನ್ನು ಗುರುತಿಸುತ್ತಿದ್ದಾನೆ. ಇಂಗ್ಲಿಷ್ ಪದ ಬಂತೆಂದು ಮರುಗುವವರು ಅದು ಮಾಡುತ್ತಿರುವ ಈ ಕೆಲಸಕ್ಕೆ ಕನ್ನಡದಲ್ಲಿ ಬೇರೆ ಯಾವ ಪದವಿದೆ ಎಂದು ಒಮ್ಮೆ ಯೋಚಿಸುವುದು ಲೇಸು.

ಹಾಗಾದರೆ ಮನೆಯಲ್ಲಿ ಸ್ವಂತ ಅಣ್ಣನನ್ನು ‘ನೀನು’ ಎನ್ನುವವರು ಬೀದಿಯ ಅಣ್ಣನನ್ನೂ ಹಾಗೆಯೇ ಮಾತನಾಡಿಸಿದರೆ ತಪ್ಪೇನು, ಅದು ಆತ್ಮೀಯತೆಯಲ್ಲವೇ ಎಂಬ ವಾದವಿದೆ. ಈ ವಾದವನ್ನು ಪರೀಕ್ಷಿಸಲು ಒಂದು ಒರೆಗಲ್ಲು ಇದೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ವಿದ್ವಾಂಸರು 1960ರಲ್ಲಿ ಯುರೋಪಿನ ಭಾಷೆಗಳ ನೀನು–ನೀವುಗಳ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಎರಡು ಬಗೆಯ ಬಳಕೆಯನ್ನು ಬೇರ್ಪಡಿಸಿದರು. ಇಬ್ಬರೂ ಪರಸ್ಪರ ನೀನು ಎನ್ನುತ್ತಿದ್ದರೆ ಅದು ಆಪ್ತತೆ. ಒಬ್ಬರು ನೀನು ಎಂದು, ಇನ್ನೊಬ್ಬರು ನೀವು ಎಂದು ಉತ್ತರಿಸುತ್ತಿದ್ದರೆ ಅದು ಅಧಿಕಾರ. ಪದ ಯಾವುದೆಂಬುದು ಮುಖ್ಯವಲ್ಲ, ಅದು ತಿರುಗಿ ಬರುತ್ತದೆಯೇ ಎಂಬುದು ಮುಖ್ಯ.

ಈ ಒರೆಗಲ್ಲಿಗೆ ನಮ್ಮ ಅಪಾರ್ಟ್‌ಮೆಂಟುಗಳ ಒಂದು ಮಾತನ್ನು ಹಚ್ಚಿ ನೋಡೋಣ. ‘ಅಕ್ಕ, ನಾಳೆ ಬೇಗ ಬಾ’ ಎಂದು ಮೂವತ್ತರ ಗೃಹಿಣಿ ಮನೆಗೆಲಸಕ್ಕೆ ಬರುವ ಐವತ್ತರ ಹೆಂಗಸಿಗೆ ಹೇಳುತ್ತಾರೆ. ‘ಆಯ್ತು ಮೇಡಂ, ಬರ್ತೀನಿ. ನೀವು ಕೀಲಿ ಕೊಟ್ಟು ಹೋಗಿ’ ಎಂದು ಆಕೆ ಉತ್ತರಿಸುತ್ತಾರೆ. ಕರೆದ ಪದದಲ್ಲಿ ಆಕೆ ಅಕ್ಕ, ಕ್ರಿಯಾಪದದಲ್ಲಿ ಆಳು. ಆಕೆಯೂ ತಿರುಗಿ ‘ತಂಗಿ, ನೀನು ಕೀಲಿ ಕೊಟ್ಟು ಹೋಗು’ ಎನ್ನುವಂತಿದ್ದರೆ ಅದನ್ನು ಆತ್ಮೀಯತೆ ಎನ್ನಬಹುದಿತ್ತು. ಹಾಗೆಂದರೆ ಮರುದಿನ ಕೆಲಸ ಉಳಿಯುವುದೇ ಅನುಮಾನ. ಇಲ್ಲಿ ಅಕ್ಕ ಎಂಬ ಸವಿಯಾದ ಮಾತು ಏಕವಚನದ ಕಹಿಯನ್ನು ಮರೆಮಾಚುವ ಬೆಲ್ಲದ ಲೇಪನವಾಗಿದೆ. ಹಿಂದಿ ಮಾತನಾಡುವ ಮನೆಗಳಲ್ಲಿ ‘ದೀದಿ’ ಎಂಬ ಪದವೂ ಅನೇಕ ವೇಳೆ ಇದೇ ಕೆಲಸ ಮಾಡುತ್ತದೆ. ಭೈಯಾ ಎಂಬ ಪದವನ್ನು ಆಕ್ಷೇಪಿಸುವ ಕನ್ನಡಿಗರು ತಮ್ಮದೇ ಮನೆಯ ಈ ಅಕ್ಕನನ್ನು ಮರೆಯುವುದು ಸಲ್ಲದು.

ಇದು ನಗರ ಹುಟ್ಟುಹಾಕಿದ ರೋಗವೂ ಅಲ್ಲ. ‘ಬುದ್ಧಿ’, ‘ಒಡೆಯ’, ‘ಧಣಿ’ ಎಂದು ಕೈಮುಗಿದು ನಿಂತ ಹಿರಿಯ ದಲಿತನನ್ನು ಮೇಲುಜಾತಿಯ ಹುಡುಗನೊಬ್ಬ ಹೆಸರು ಹಿಡಿದು ‘ಬಾರೋ’ ಎಂದು ಕೂಗುತ್ತಿದ್ದ ಹಳ್ಳಿಗಳನ್ನು ಕಂಡವರು ಈಗಲೂ ಇದ್ದಾರೆ. ಅಲ್ಲಿ ವಯಸ್ಸಿನ ಏಣಿಯನ್ನು ಜಾತಿಯ ಏಣಿ ನುಂಗಿಹಾಕಿತ್ತು. ಹನ್ನೆರಡನೆಯ ಶತಮಾನದ ಶರಣರನ್ನು ನಾಡು ಬಸವಣ್ಣ ಎಂದು, ಅಕ್ಕಮಹಾದೇವಿ ಎಂದು ಬಂಧುತ್ವದ ಹೆಸರಿನಲ್ಲೇ ನೆನೆಯುತ್ತಾ ಬಂದದ್ದಕ್ಕೆ ಈ ಹಿನ್ನೆಲೆಯಲ್ಲಿ ಹೆಚ್ಚಿನ ಅರ್ಥವಿದೆ. ಒಡೆಯ–ಆಳು ಎಂಬ ಸಂಬೋಧನೆಗಳ ಎದುರಿಗೆ ಅಣ್ಣ, ಅಕ್ಕ ಎಂಬುವು ಸಮಾನತೆಯ ಮಾತುಗಳಾಗಿ ನಿಂತವು. ಅವೇ ಮಾತುಗಳು ಇಂದು ಅಸಮಾನತೆಯನ್ನು ಮುಚ್ಚಿಡುವ ಪರದೆಗಳಾಗಬಾರದು.

ನೆರೆಮನೆಯ ಯುವತಿಗೆ ನಾನು ಹೇಳಿದ್ದು ಇಷ್ಟೇ: ಕರೆಯುವ ಪದವನ್ನು ಹುಡುಕುವ ಮೊದಲು ಕ್ರಿಯಾಪದವನ್ನು ತೀರ್ಮಾನಿಸಿಕೊಳ್ಳಿ. ಪುಸ್ತಕದಲ್ಲಿ ಬಾ, ಕೊಡು, ನಿಲ್ಲಿಸು ಎಂದು ಬರೆದುಕೊಂಡಿರುವಲ್ಲೆಲ್ಲ ಬನ್ನಿ, ಕೊಡಿ, ನಿಲ್ಲಿಸಿ ಎಂದು ತಿದ್ದಿಕೊಳ್ಳಿ. ಹಾಗೆ ಮಾಡಿದ ಮೇಲೆ ಅಣ್ಣ ಎಂದರೂ ಸರಿ, ಸಾರ್ ಎಂದರೂ ಸರಿ, ಏನೂ ಎನ್ನದಿದ್ದರೂ ಸರಿ. ಸಲಿಗೆಯ ‘ನಿಲ್ಲಿಸಣ್ಣ’ ಕಾಲಕ್ರಮದಲ್ಲಿ ತಾನಾಗಿಯೇ ಬರುತ್ತದೆ. ಅವರು ಅಲ್ಲೇ ಕುಳಿತು ಪುಸ್ತಕ ತಿದ್ದಿದರು. ಹೊಸಬರಿಗೆ ಕನ್ನಡ ಕಲಿಸಲು ಹೊರಟಿರುವ ಸಂಘ ಸಂಸ್ಥೆಗಳೂ ತಮ್ಮ ಕೈಪಿಡಿಗಳಲ್ಲಿ ಇಷ್ಟೊಂದು ತಿದ್ದುಪಡಿ ಮಾಡಿಕೊಂಡರೆ ಎಷ್ಟೋ ಅನವಶ್ಯಕ ಮನಸ್ತಾಪಗಳು ಬೀದಿಯಲ್ಲೇ ತಪ್ಪುತ್ತವೆ.

ಹೊರಡುವಾಗ ಅವರು ಬಾಗಿಲಲ್ಲಿ ನಿಂತು ಇನ್ನೊಂದು ಪ್ರಶ್ನೆ ಕೇಳಿದರು: ‘ನಿಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನಿಗೆ ನೀವು ಬಾ ಅನ್ನುತ್ತೀರೋ, ಬನ್ನಿ ಅನ್ನುತ್ತೀರೋ?’ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಿಗ್ಗೆ ಗಂಟೆ ಬಾರಿಸಿದಾಗ ಬಾಗಿಲು ತೆರೆದು ‘ಬನ್ನಿ ಅಕ್ಕ’ ಎಂದೆ. ಹನ್ನೊಂದು ವರ್ಷಗಳಿಂದ ಬರುತ್ತಿರುವ ಆಕೆ ತಮ್ಮ ಹಿಂದೆ ಬೇರೆ ಯಾರೋ ಬಂದಿದ್ದಾರೆಂದು ತಿರುಗಿ ನೋಡಿದರು.